ಸತ್ಯಾಂಶ: 2156ರಲ್ಲಿ ಗಂಡಸರನ್ನು ಹಿಂದಿಕ್ಕುವ ಓಟ

“2156ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದಲ್ಲಿ ಹೆಂಗಸರು ಗಂಡಸರಿಗಿಂತ ವೇಗವಾಗಿ ಓಡ್ತಾರೆ, ವಿಜ್ಞಾನಿಗಳೇ ಲೆಕ್ಕ ಹಾಕಿ ಹೇಳಿದ್ದಾರೆ!”

ಹೀಗೊಂದು ಸಂದೇಶ ಫಾರ್ವರ್ಡ್ ಆಗಿ ಓಡಾಡುತ್ತಿದೆ. ಲೆಕ್ಕ ಹಾಕಿದ್ದು ನಿಜ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪುಟ್ಟ ಬರಹ ಅದು. ಚಿನ್ನ ಗೆದ್ದವರ ಸಮಯಗಳನ್ನು ಗ್ರಾಫಿನಲ್ಲಿ ಗುರುತಿಸಿ, ಗಂಡಸರಿಗೊಂದು, ಹೆಂಗಸರಿಗೊಂದು ನೇರ ಗೆರೆ ಹೊಂದಿಸಿದರು. ಹೆಂಗಸರ ಗೆರೆ ಹೆಚ್ಚು ಕಡಿದಾಗಿ ಇಳಿಯುತ್ತಿತ್ತು, ವರ್ಷಕ್ಕೆ ಸುಮಾರು 0.017 ಸೆಕೆಂಡ್. ಎರಡನ್ನೂ ಮುಂದಕ್ಕೆ ಎಳೆದರೆ 2156ರಲ್ಲಿ, 8.1 ಸೆಕೆಂಡಿನ ಹತ್ತಿರ, ಒಂದನ್ನೊಂದು ದಾಟುತ್ತವೆ.

ತೊಡಕು ಆ ಎಳೆಯುವುದರಲ್ಲೇ ಇದೆ. ಹೆಂಗಸರ ಅಂಕಿಗಳಿದ್ದದ್ದು 1928ರಿಂದ 2004ರವರೆಗೆ, 76 ವರ್ಷ. ಗೆರೆಯನ್ನು ಎಳೆದದ್ದು ಅದರಾಚೆಗೆ 152 ವರ್ಷ! ಆ 76 ವರ್ಷಗಳಲ್ಲಿ ಚುಕ್ಕಿಗಳು ಗೆರೆಗೆ ಚೆನ್ನಾಗಿಯೇ ಕೂತಿದ್ದವು. ಆದರೆ ಅದು ಆ ಅವಧಿಯ ಮಾತು, ಆಚೆಗೂ ದಾರಿ ನೇರವೇ ಎಂಬುದಕ್ಕೆ ಪುರಾವೆಯಲ್ಲ. ಲೆಕ್ಕದ ಜೊತೆ ಕೊಡುವ ‘ಇಷ್ಟು ಹೆಚ್ಚುಕಮ್ಮಿ’ ಎಂಬ ಅಂತರವೂ ಗೆರೆ ನೇರ ಎಂದು ನಂಬಿಯೇ ಹುಟ್ಟಿದ್ದು. ಆ ನಂಬಿಕೆಯೇ ತಪ್ಪಿದ್ದರೆ ಅದು ಎಚ್ಚರಿಸುವುದಿಲ್ಲ.

ಅದೇ ಗೆರೆಯನ್ನು ಇನ್ನೂ ಎಳೆದು ನೋಡಿ. 2636ರ ಹೊತ್ತಿಗೆ ಹೆಂಗಸರ ಸಮಯ ಸೊನ್ನೆ ಸೆಕೆಂಡ್. ಪಿಸ್ತೂಲು ಸಿಡಿಯುವ ಕ್ಷಣದಲ್ಲೇ ಓಟವೂ ಮುಗಿದಿರುತ್ತದೆ. (ಬರಹ ಬಂದ ಕೂಡಲೇ ಓದುಗರೊಬ್ಬರು ಇದನ್ನು ತೋರಿಸಿಕೊಟ್ಟಿದ್ದರು, ಫಾರ್ವರ್ಡಿನಲ್ಲಿ ಆ ಭಾಗ ಉದುರಿಹೋಗಿದೆ.)

ಅಷ್ಟು ದೂರವೂ ಬೇಡ. ಗೆರೆಯ ಪ್ರಕಾರ 2024ರಲ್ಲಿ ಹೆಂಗಸರ ಚಿನ್ನ ಸುಮಾರು 10.3 ಸೆಕೆಂಡಿಗೆ ಬರಬೇಕಿತ್ತು. ಪ್ಯಾರಿಸ್‌ನಲ್ಲಿ ಜೂಲಿಯನ್ ಆಲ್ಫ್ರೆಡ್ ಗೆದ್ದದ್ದು 10.72ರಲ್ಲಿ. 1988ರಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.54ರಲ್ಲೇ ಚಿನ್ನ ಗೆದ್ದಿದ್ದರು.