ಓವನ್ ಬಾಗಿಲು ಮತ್ತು ನಮ್ಮಪ್ಪ

ಬಲಗೈ ತೋರುಬೆರಳಿನ ಮೇಲೆ ಕಡಲೆಕಾಳಿನಷ್ಟು ಬೊಬ್ಬೆ ಎದ್ದಿದೆ. ನಿನ್ನೆ ಭಾನುವಾರದ ಸಂಪಾದನೆ. ಇದನ್ನು ಎಡಗೈಯಲ್ಲೇ ಟೈಪ್ ಮಾಡುತ್ತಿದ್ದೇನೆ. ಹಾಗಾಗಿ ಬರಹ ಸ್ವಲ್ಪ ಸಿಡುಕಾಗಿದ್ದರೆ ಸಹಿಸಿಕೊಳ್ಳಿ.

ಮಗಳಿಗೆ ಪನೀರ್ ಟಿಕ್ಕಾ ಅಂದರೆ ಪ್ರಾಣ. ಹೋಟೆಲಿನಲ್ಲಿ ಆರು ತುಂಡಿಗೆ ಕೊಡುವ ದುಡ್ಡಿನಲ್ಲಿ ನಮ್ಮ ದಾವಣಗೆರೆಯಲ್ಲಿ ಇಡೀ ಮನೆ ಬೆಣ್ಣೆ ದೋಸೆ ತಿಂದು ಬರಬಹುದು. "ಮನೇಲೇ ಓಟಿಜಿ ಇದೆಯಲ್ಲ, ನಾನೇ ಮಾಡ್ತೀನಿ ಬಿಡು" ಅಂದೆ. ಮೂರು ವರ್ಷದಿಂದ ಆ ಓಟಿಜಿ ಅನ್ನುವ ಕರೆಂಟ್ ಓವನ್ ನಮ್ಮ ಮನೆಯಲ್ಲಿ ಮಂಡಕ್ಕಿ ಡಬ್ಬ ಇಡುವ ಬೀರುವಾಗಿತ್ತು. ಹೆಂಡತಿ ಒಂದೂ ಮಾತಾಡದೆ ಡಬ್ಬ ತೆಗೆದು ಕೊಟ್ಟಳು. ಆ ಮೌನದಲ್ಲೇ ಎಲ್ಲ ಇತ್ತು.

ಮೊಸರನ್ನು ಎರಡು ಗಂಟೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಬೇಕು, ನೀರೆಲ್ಲ ಇಳಿಯಬೇಕು. ನಾನು ಅರ್ಧ ಗಂಟೆಗೇ ಬಿಚ್ಚಿದೆ. ಖಾರ, ಗರಂ ಮಸಾಲೆ, ಕಸೂರಿ ಮೇಥಿ, ಹುರಿದ ಕಡಲೆಹಿಟ್ಟು ಎಲ್ಲ ಹಾಕಿ 400 ಗ್ರಾಂ ಪನೀರಿಗೆ ಸವರಿದೆ. ಬಿದಿರು ಕಡ್ಡಿಗೆ ಪನೀರು, ಈರುಳ್ಳಿ, ದೊಣ್ಣೆಮೆಣಸಿನಕಾಯಿ ಪೋಣಿಸಿದೆ. ಓವನ್ನಿನ ಮಧ್ಯದ ಹಂತದಲ್ಲಿ ಜಾಲರಿ ಇಟ್ಟು, 200 ಡಿಗ್ರಿಗೆ ತಿರುಗಿಸಿ, ಬಾಗಿಲು ಹಾಕಿದೆ.

ಆಗ ಅಪ್ಪ ಬಂದರು.

ನಮ್ಮಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂವತ್ತು ವರ್ಷ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡವರು. ಬೆಂಕಿಯನ್ನು ಕಣ್ಣಿನಲ್ಲಿ ನೋಡದೆ ನಂಬುವ ಅಭ್ಯಾಸವೇ ಇಲ್ಲ. ಗ್ಯಾಸ್ ಮೇಲೆ ಹಾಲಿಟ್ಟರೂ ಬಗ್ಗಿ ಉರಿ ನೋಡುತ್ತಾರೆ. ಓಟಿಜಿಗೆ ಗಾಜಿನ ಬಾಗಿಲಿದೆ, ಒಳಗಿರುವುದು ಹೊರಗಿಂದಲೇ ಕಾಣುತ್ತದೆ. ಅಪ್ಪನಿಗೆ ಅದು ಸಾಲದು. ಗಾಜಿನಲ್ಲಿ ನೋಡಿದ್ದು ನೋಡಿದ್ದಲ್ಲ, ಟಿವಿ ನೋಡಿದ ಹಾಗೆ. ಕಿರ್ರ್ ಅಂತ ಬಾಗಿಲು ತೆಗೆದರು.

"ಆತೇನಪ್ಪಾ?"

"ಈಗಷ್ಟೇ ಇಟ್ಟೆ ಅಪ್ಪಾ. ಬಾಗಿಲು ತೆಗೀಬೇಡಿ, ಕಾವು ಹೋಗುತ್ತೆ."

ಎರಡು ನಿಮಿಷ. ಕಿರ್ರ್. "ಆತೇನು?" ಮತ್ತೆ ಒಂದೂವರೆ ನಿಮಿಷ. ಕಿರ್ರ್. ಈ ಸಲ ಏನೂ ಕೇಳಲಿಲ್ಲ. ಬಗ್ಗಿ ನೋಡಿದರು, "ಹೂಂ" ಅಂದರು, ಮುಚ್ಚಿದರು. ನಾನು ಬಚ್ಚಲಿಗೆ ಹೋದೆ. ಅಲ್ಲಿಗೂ ಕೇಳಿಸಿತು, ಕಿರ್ರ್. ಮಗಳು ಎಣಿಸಿದಳಂತೆ, ಹದಿನೈದು ನಿಮಿಷದಲ್ಲಿ ಹನ್ನೊಂದು ಸಲ. ಹನ್ನೆರಡನೇ ಸಲ ಅಪ್ಪ ತೀರ್ಪು ಕೊಟ್ಟರು.

"ಮೇಲಿನ ಸಲಾಕಿ ಕಪ್ಪಗೈತಿ. ಬೆಂಕಿ ಆರೇತಿ ನೋಡು."

"ಅದು ತಾನಾಗೇ ಆರುತ್ತೆ ಅಪ್ಪಾ. ಒಳಗೆ 200 ಡಿಗ್ರಿ ಆದ ತಕ್ಷಣ ಥರ್ಮೋಸ್ಟಾಟ್ ಆಫ್ ಮಾಡುತ್ತೆ. ಕಾವು ಇಳಿದರೆ ಮತ್ತೆ ಹತ್ತುತ್ತೆ."

"ಆರಿದ ಒಲಿ ಮುಂದೆ ಏನು ಸುಡ್ತೀಯೋ?"

ಉತ್ತರ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹೊರತೆಗೆದಾಗ ಟ್ರೇ ತುಂಬ ಕೆಂಪು ನೀರು. ಪನೀರು ಜ್ವರ ಬಂದವರ ಹಾಗೆ ಪೇಲವ. ಒಂದು ಕರಿ ಚುಕ್ಕೆಯೂ ಇಲ್ಲ. ಪನೀರು ಚೀಸಿನ ಹಾಗೆ ಕರಗುವುದಿಲ್ಲ. ಜಾಸ್ತಿ ಹೊತ್ತು ಕಾದರೆ ನೀರು ಬಿಟ್ಟು ಬಿಗಿಯುತ್ತದೆ. ಅಪ್ಪ ಒಂದು ತುಂಡು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. "ಗಿರಣಿ ಬೆಲ್ಟು" ಅಂದರು.

ಎರಡನೇ ಸರದಿಗೆ ಸಿಟ್ಟಿನಲ್ಲಿ ಜಾಲರಿಯನ್ನು ಎಲ್ಲಕ್ಕಿಂತ ಮೇಲಿನ ಹಂತಕ್ಕೆ ಏರಿಸಿ, 250ಕ್ಕೆ ತಿರುಗಿಸಿದೆ. ಜಾಲರಿಯಿಂದ ಸಲಾಕಿಗೆ ಮೂರು ಬೆರಳು ಜಾಗ ಇತ್ತು. ಆದರೆ ಜಾಲರಿ ಮೇಲೆ ಪನೀರು ಕೂರುತ್ತದಲ್ಲ, ಅದಕ್ಕೂ ಎರಡು ಬೆರಳು ಎತ್ತರ ಇದೆಯಲ್ಲ! ಅಳೆಯಬೇಕಾದ್ದು ಪನೀರಿನ ನೆತ್ತಿಯಿಂದ. ಉಳಿದ ಒಂದು ಬೆರಳನ್ನು ನೆಟ್ಟಗೆ ನಿಂತಿದ್ದ ದೊಣ್ಣೆಮೆಣಸಿನಕಾಯಿ ತುಂಬಿತು. ಸಲಾಕಿಗೆ ತಾಗಿ ಹೊಗೆ ಎದ್ದಿತು. ನೀರಲ್ಲಿ ನೆನೆಸದ ಬಿದಿರು ಕಡ್ಡಿಯ ತುದಿ ಊದುಬತ್ತಿ ಹಾಗೆ ಹೊತ್ತಿಕೊಂಡಿತು. ಬೇಗ ಮಗುಚೋಣ ಅಂತ ಕೈ ಹಾಕಿದೆ. ಬೊಬ್ಬೆ ಬಂದದ್ದು ಆಗಲೇ.

ಮಗುಚಿದ್ದಾದರೂ ಏನು? ದುಂಡನೆ ಕಡ್ಡಿ. ನಾನು ಕಡ್ಡಿ ತಿರುಗಿಸಿದರೆ ಕಡ್ಡಿ ಮಾತ್ರ ತಿರುಗುತ್ತದೆ, ಪನೀರು ಇದ್ದಲ್ಲೇ ಇರುತ್ತದೆ. ಮತ್ತೆ ತಿರುಗಿಸಿದೆ. ಅಲುಗಲಿಲ್ಲ. ತೂತು ಅಷ್ಟೊತ್ತಿಗೆ ಸಡಿಲವಾಗಿತ್ತು. ಸುಟ್ಟ ಮುಖವೇ ಮೇಲೆ, ಹಸಿ ಮುಖ ಕೆಳಗೆ. ಹೊರಗೆ ಇದ್ದಿಲು, ಒಳಗೆ ಫ್ರಿಜ್ಜಿನ ತಂಪು. ಹೆಂಡತಿ ಕಿಟಕಿ ತೆಗೆಯುತ್ತಾ, "ರೀ, ಪಕ್ಕದ ಮನೆಯವರು ಕೇಳ್ತಿದಾರೆ, ಏನಾದ್ರೂ ಹೋಮ ಇದೆಯಾ ಅಂತ" ಅಂದಳು.

ಮೂರನೇ ಸರದಿ. ಅಷ್ಟೊತ್ತಿಗೆ ಮೊಸರಿನ ನೀರೂ ಇಳಿದು ಮಸಾಲೆ ಗಟ್ಟಿಯಾಗಿತ್ತು. ಮೇಲಿರುವ ನೀರು ಆರುವ ತನಕ ಪನೀರು ಬೇಯುತ್ತದೆಯೇ ಹೊರತು ಸುಡುವುದಿಲ್ಲ ಅನ್ನುವುದು ಆ ಕೆಂಪು ಟ್ರೇ ನೋಡಿದ ಮೇಲೆ ತಲೆಗೆ ಹೊಳೆದಿತ್ತು. ನೆನೆಸಿದ ಕಡ್ಡಿಯನ್ನು ಜೋಡಿ ಜೋಡಿಯಾಗಿ ಚುಚ್ಚಿದೆ, ಏಣಿಯ ಹಾಗೆ. ಈಗ ಪನೀರು ತಿರುಗದೆ ಏನು ಮಾಡುತ್ತದೆ? ಕಡ್ಡಿಯ ಎರಡು ತುದಿಯನ್ನು ಆಳದ ಟ್ರೇಯ ಅಂಚಿನ ಮೇಲೆ ಒರಗಿಸಿದೆ, ತುಂಡುಗಳು ನೇತಾಡಲಿ, ತೊಟ್ಟಿಕ್ಕಿದ್ದು ಕೆಳಗೆ ಬೀಳಲಿ ಅಂತ. ಪನೀರಿನ ನೆತ್ತಿಗೂ ಸಲಾಕಿಗೂ ನಡುವೆ ನಾಲ್ಕು ಬೆರಳು. ಖಾಲಿ ಓವನ್ನನ್ನೇ ಹತ್ತು ನಿಮಿಷ ಕಾಯಿಸಿ, ಸಲಾಕಿ ಕೆಂಪಾದ ಮೇಲೆ ಒಳಗಿಟ್ಟೆ.

ಕಿರ್ರ್.

ಈ ಸಲ ಬೈಯಲು ಬಾಯಿ ತೆಗೆದವನು ಸುಮ್ಮನಾದೆ. ಸಲಾಕಿ ಆಗಷ್ಟೇ ಕಪ್ಪಾಗಿತ್ತು. ಅಪ್ಪ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಟಿಕ್ ಅಂತು, ಮತ್ತೆ ಕೆಂಪಾಯಿತು. ಒಳಗಿನ ಬಿಸಿಗಾಳಿ ಹೊರಗೆ ಹೋಗಿ ಥರ್ಮೋಸ್ಟಾಟ್‌ಗೆ ಚಳಿಯಾಗಿರಬೇಕು. ಕೇಕ್ ಇಟ್ಟಾಗ ಹೀಗೆ ಬಾಗಿಲು ತೆಗೆದರೆ ಕೇಕ್ ಕುಸಿಯುತ್ತದೆ. ಆದರೆ ಗ್ರಿಲ್‌ನಲ್ಲಿ ಸುಡುವುದು ಗಾಳಿಯಲ್ಲ, ಕೆಂಪು ಸಲಾಕಿಯ ನೇರ ಝಳ. ಹನ್ನೊಂದು ಸಲ ನಾನು ಬೈದಿದ್ದು ಸುಮ್ನೆ, ಅಲ್ವಾ? ಹಾಗಂತ ಬಾಗಿಲು ತೆರೆದೇ ಇಡಬೇಡಿ. ಕೆಲವು ಓವನ್‌ಗಳಲ್ಲಿ ಝಳಕ್ಕೆ ಪಕ್ಕದ ಗುಬುಟುಗಳು ಹಾಳಾಗುತ್ತವೆ, ಮುಚ್ಚಿಯೇ ಬಳಸಿ ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ.

ಅಪ್ಪ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. ಆರು ನಿಮಿಷಕ್ಕೆ "ಈಗ ಹೊಳ್ಳಿಸು" ಅಂದರು. ಮಗುಚಿದೆ, ಎಣ್ಣೆ ಸವರಿದೆ. ಇನ್ನು ನಾಲ್ಕು ನಿಮಿಷಕ್ಕೆ ಅಂಚುಗಳಲ್ಲಿ ಕಂದು, ಮೂಲೆಗಳಲ್ಲಿ ಕಪ್ಪು. "ಇನ್ನೊಂದು ಚೂರು" ಅಂದರು. ಗಡಿಯಾರ ನೋಡುತ್ತಿರಲಿಲ್ಲ, ಬಣ್ಣ ನೋಡುತ್ತಿದ್ದರು. ಆ ಕೆಂಪು ಬೆಳಕು ಮುಖದ ಮೇಲೆ ಬಿದ್ದಿತ್ತು. ನಾನು ಚಿಕ್ಕವನಿದ್ದಾಗ ಬುತ್ತಿ ಕೊಡಲು ಹೋದರೆ ಬಾಯ್ಲರ್ ಮನೆ ಬಾಗಿಲಲ್ಲಿ ಅಪ್ಪ ಹೀಗೇ ಕಾಣುತ್ತಿದ್ದರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಸೈರನ್ ಕೇಳಿ ಅನ್ನಕ್ಕಿಡುವ ಕಾಲವೂ ಹೋಯಿತು. "ತೆಗಿ" ಅಂದರು. ತೆಗೆದೆ.

ಮಗಳು ಎಂಟು ತುಂಡು ತಿಂದಳು. ಅಪ್ಪ ಸುಟ್ಟ ಈರುಳ್ಳಿಯನ್ನಷ್ಟೇ ಆರಿಸಿ ತಿಂದು, ಮಂಡಕ್ಕಿ ಡಬ್ಬ ಎಲ್ಲಿ ಅಂತ ಕೇಳಿದರು.

ರಾತ್ರಿ ಹತ್ತಕ್ಕೆ ಲೈಟ್ ಆರಿಸಿ ಮಲಗಿದ್ದೆ. ಅಡುಗೆಮನೆಯಿಂದ ಕಿರ್ರ್. ಎದ್ದು ಹೋದರೆ ಅಪ್ಪ ಕತ್ತಲಲ್ಲಿ ಓವನ್ ಒಳಗೆ ಕೈ ಹಿಡಿದು ನಿಂತಿದ್ದಾರೆ.

"ಆರೇತೋ ಇಲ್ಲೋ ನೋಡಿದೆ. ನೀ ಮಲಗು."