ನಾಲ್ಕೂವರೆ ವರ್ಷದ ಗ್ಯಾಪ್‌ಗೆ ಪ್ರೊಫೈಲ್‌ನಲ್ಲಿ ನಾನು ಬರೆದಿದ್ದು

2018ರ ಜೂನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟೆ. ಮಗಳು ಚಿಕ್ಕವಳು, ಆಮೇಲೆ ಅತ್ತೆಗೆ ಹುಷಾರು ತಪ್ಪಿತು. 2023ರಲ್ಲಿ ಫ್ರೀಲಾನ್ಸ್ ಶುರು ಮಾಡಿದೆ. ಆಮೇಲೆ ಮತ್ತೆ ಕಂಪನಿ ಕೆಲಸ ಹುಡುಕುವಾಗ ಹಳೆಯ ಸಹೋದ್ಯೋಗಿಯೊಬ್ಬರು, "ಇಡೀ ಅವಧಿಗೆ ಫ್ರೀಲಾನ್ಸ್ ಕನ್ಸಲ್ಟೆಂಟ್ ಅಂತ ಹಾಕಿಬಿಡಿ ಮೇಡಂ, ಯಾರು ನೋಡ್ತಾರೆ?" ಅಂದರು.

ನೋಡ್ತಾರೆ. ಆಫರ್ ಕೊಡುವ ಹೊತ್ತಿಗೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಇರುತ್ತದೆ. ಎಷ್ಟೋ ಕಂಪನಿಗಳು ಪಿಎಫ್‌ನ ಯುಎಎನ್ ದಾಖಲೆ ಕೇಳುತ್ತವೆ. ಹಳೆಯ ಕೆಲಸ ಯಾವಾಗ ಮುಗಿಯಿತು ಅನ್ನುವುದು ಅದರಲ್ಲೇ ಇದೆ. ಫ್ರೀಲಾನ್ಸ್‌ಗೆ ಪಿಎಫ್ ಇಲ್ಲ. ಹಾಗಾಗಿ ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಟಿಡಿಎಸ್ ಕಾಣುವ Form 26AS ಕೇಳಬಹುದು. ನನ್ನ ಹತ್ತಿರ ಇದ್ದದ್ದು ಎಂಟು ತಿಂಗಳ ದಾಖಲೆ. ಅದನ್ನು ಐದು ವರ್ಷ ಅಂತ ಎಳೆದಿದ್ದರೆ ಆ ಎಂಟು ತಿಂಗಳ ನಿಜವಾದ ಕೆಲಸವನ್ನೂ ಯಾರೂ ನಂಬುತ್ತಿರಲಿಲ್ಲ, ಅಲ್ವಾ?

ಮೊದಲ ಕೆಲಸ ಒಂದು ಕ್ಲಿನಿಕ್‌ನ ಅಪಾಯಿಂಟ್‌ಮೆಂಟ್ ಆ್ಯಪ್. ₹36,000ಕ್ಕೆ ಒಪ್ಪಿದೆ. ಶೇ 10 ಟಿಡಿಎಸ್ ಹಿಡಿದು ₹32,400 ಖಾತೆಗೆ ಬಂತು. ಉಳಿದ ₹3,600 ನನ್ನ ಪ್ಯಾನ್ ಮೇಲೆ ಜಮೆ ಆಗಿತ್ತು. ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬಂತು. ಆ ಪ್ರಾಜೆಕ್ಟ್ ನಡೆದದ್ದಕ್ಕೆ ಅದೇ ಗಟ್ಟಿ ಸಾಕ್ಷಿಯೂ ಆಯಿತು. ಒಂದು ತಪ್ಪು ಮಾತ್ರ ಮಾಡಿದ್ದೆ. ಎಷ್ಟು ಸಲ ಮರುಪರೀಕ್ಷೆ ಮಾಡಬೇಕು ಅಂತ ಬರೆದುಕೊಂಡಿರಲಿಲ್ಲ. ಅದೇ ದುಡ್ಡಿಗೆ ಐದು ಸುತ್ತು ಮಾಡಿದೆ. ಎರಡನೇ ಪ್ರಾಜೆಕ್ಟ್‌ನಿಂದ "ಎರಡು ಸುತ್ತು ಸೇರಿದೆ, ಆಮೇಲಿನದಕ್ಕೆ ಗಂಟೆ ಲೆಕ್ಕ" ಅಂತ ಮೇಲ್‌ನಲ್ಲೇ ಹಾಕುತ್ತಿದ್ದೇನೆ.

ಲಿಂಕ್ಡ್‌ಇನ್‌ನಲ್ಲಿ 2022ರಿಂದ `Add career break` ಅಂತ ಒಂದು ಆಯ್ಕೆ ಇದೆ. ಅಲ್ಲಿ ಹೀಗೆ ಬರೆದೆ: "ಜೂನ್ 2018 – ಜನವರಿ 2023: ಮಗು ಮತ್ತು ಮನೆಯ ಹಿರಿಯರ ಆರೈಕೆ." ಅಷ್ಟೇ. ಅತ್ತೆಯ ಕಾಯಿಲೆ ಏನು, ಮನೆಯಲ್ಲಿ ಎಷ್ಟು ಕಷ್ಟ ಆಯಿತು, ಇವೆಲ್ಲ ಅಲ್ಲಿಗೆ ಬೇಡ. ನಿಜ ಹೇಳಬೇಕು ಅಂದರೆ ಎಲ್ಲವನ್ನೂ ಹೇಳಬೇಕು ಅಂತಲ್ಲ. ಮನೆ ನಡೆಸಿದ್ದನ್ನು "ಗೃಹ ಆಡಳಿತ ಮುಖ್ಯಸ್ಥೆ" ಅಂತ ಬರೆಯುವುದೂ ನನಗೆ ಇಷ್ಟವಿಲ್ಲ. ಅದು ಆರೈಕೆಯೇ, ಆ ಹೆಸರಿನಲ್ಲೇ ಇರಲಿ.

ಅದರ ಮೇಲೆ ಬೇರೆ ಎಂಟ್ರಿ: "ಫೆಬ್ರವರಿ 2023ರಿಂದ: ಫ್ರೀಲಾನ್ಸ್ ಟೆಸ್ಟರ್. ಕ್ಲಿನಿಕ್ ಅಪಾಯಿಂಟ್‌ಮೆಂಟ್ ಆ್ಯಪ್, ಆಂಡ್ರಾಯ್ಡ್. 64 ಟೆಸ್ಟ್ ಕೇಸ್, 23 ಬಗ್." ಕ್ಲಿನಿಕ್ ಹೆಸರು ಹಾಕಲಿಲ್ಲ, ಅವರು ಬೇಡ ಅಂದಿದ್ದರು. ಪ್ಲೇರೈಟ್ ಅನ್ನುವ ಟೆಸ್ಟಿಂಗ್ ಟೂಲ್ ಗೊತ್ತು ಅಂತ ಸೇರಿಸಿದ್ದು ಎರಡನೇ ಪ್ರಾಜೆಕ್ಟ್‌ನಲ್ಲಿ ಬಳಸಿದ ಮೇಲೆಯೇ. ನಾನು ಕೆಲಸ ಬಿಟ್ಟಾಗ ಆ ಟೂಲ್ ಇನ್ನೂ ಬಂದೇ ಇರಲಿಲ್ಲ.

ಇಂಟರ್‌ವ್ಯೂನಲ್ಲಿ ಗ್ಯಾಪ್ ಬಗ್ಗೆ ಒಂದೇ ಪ್ರಶ್ನೆ ಬಂತು. ಆರೈಕೆ ಮಾಡುತ್ತಿದ್ದೆ, ಈಗ ಮನೆಯಲ್ಲಿ ವ್ಯವಸ್ಥೆ ಆಗಿದೆ ಅಂದೆ. ಆಮೇಲೆ ಅವರು ಆ 23 ಬಗ್‌ಗಳಲ್ಲಿ ದೊಡ್ಡದು ಯಾವುದು ಅಂತ ಕೇಳಿದರು. ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ 10:30ರ ಸ್ಲಾಟ್ ಇಬ್ಬರಿಗೂ ಬುಕ್ ಆಗುತ್ತಿತ್ತು. ಅದನ್ನು ಎರಡು ಫೋನ್ ಇಟ್ಟುಕೊಂಡು, ಮಗಳ ಕೈಲಿ ಒಂದನ್ನು ಒತ್ತಿಸಿ ಹೇಗೆ ಹಿಡಿದೆ ಅಂತ ವಿವರಿಸಿದೆ. ಉಳಿದ ಇಪ್ಪತ್ತು ನಿಮಿಷ ಪೂರ್ತಿ ಅದರ ಬಗ್ಗೆಯೇ ಮಾತಾಡಿದೆವು.