ಪುಕಪುಕಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಡಿಗ್ರಿ ಕಾಲೇಜೊಂದರ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. "ಮಕ್ಕಳಿಗೆ ಸ್ಟೇಜ್ ಫಿಯರ್ ಬಗ್ಗೆ ಮಾತಾಡಿ ಸರ್. ಹಾಗೇ ಸ್ವಲ್ಪ ಇಂಗ್ಲಿಷ್ ವೊಕ್ಯಾಬುಲರಿನೂ ಆಗಿಬಿಡಲಿ. ಎರಡಕ್ಕೂ ಸೇರಿ ಒಂದೇ ಗಂಟೆ." ಒಂದೇ ಗೌರವಧನ ಅನ್ನೋದನ್ನು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ.

ನರ್ವಸ್ ಅನ್ನೋ ಪದಕ್ಕೆ ಸಮಾನಾರ್ಥಕ ಪದಗಳನ್ನು ಬರೆದುಕೊಂಡು ಹೋದೆ. ನನ್ನನ್ನು ಪರಿಚಯಿಸಲು ಒಬ್ಬ ಹೊಸ ಲೆಕ್ಚರರ್ ಎದ್ದರು. ಕೈಯಲ್ಲಿ ಎ4 ಹಾಳೆ ಪಟಪಟ ಅನ್ನುತ್ತಿತ್ತು. ಗಂಟಲು ಸರಿ ಮಾಡಿಕೊಂಡು ಓದಿದರು: "ಇಷ್ಟು ಹೊತ್ತು ನಮ್ಮೆಲ್ಲರ ಕಣ್ಣು ತೆರೆಸುವಂತೆ ಮಾತನಾಡಿದ ಸರ್ ಅವರಿಗೆ ಹೃತ್ಪೂರ್ವಕ ವಂದನೆಗಳು." ವಂದನಾರ್ಪಣೆಯ ಹಾಳೆ ಮೇಲೆ ಬಂದಿತ್ತು. ಹುಡುಗರು ಭರ್ಜರಿ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನವರು ಬ್ಯಾಗ್ ಹೆಗಲಿಗೇರಿಸಿ ಬಾಗಿಲವರೆಗೂ ಹೋಗಿದ್ದರು.

ನನಗೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗಬೇಕು? ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದೆ, "ಇದೆಲ್ಲ ಯಾವಾಗ ಶುರುವಾಯ್ತು ಸರ್?" ಒಳ್ಳೆ ಮನುಷ್ಯ, ನಗುತ್ತಲೇ ಹೇಳಿದರು. ನೋಟಿಸ್ ಬೋರ್ಡಿನಲ್ಲಿ ತಮ್ಮ ಹೆಸರು ನೋಡಿದಾಗಲೇ ಮನಸ್ಸಿನಲ್ಲಿ ಒಂದು ಅಳುಕು. ಅದೇ ಅಪ್ರಿಹೆನ್ಸಿವ್ ಅಂದೆ. ಮುಂದೆ ಬರುವ ಯಾವುದೋ ಒಂದು ಸಂಗತಿಯ ಬಗ್ಗೆ ಈಗಲೇ ಅಂಜುವುದು. ಮೈಗೆ ಇನ್ನೂ ಏನೂ ಆಗಿರುವುದಿಲ್ಲ, ಊಟ ನಿದ್ದೆ ಸರಿಯಾಗೇ ಇರುತ್ತೆ.

ಹಿಂದಿನ ರಾತ್ರಿ ಮಾತ್ರ ನಿದ್ದೆ ಬರಲಿಲ್ಲವಂತೆ. "ಮೈಕ್ ಕೆಟ್ಟರೆ? ಹೆಸರು ತಪ್ಪಿದರೆ? ಪ್ರಿನ್ಸಿಪಾಲರು ಬೈದರೆ?" ಇದು ಆಂಕ್ಷಸ್. ಅಳುಕಿಗೆ ಒಂದೇ ಕಾರಣ, ಕಳವಳಕ್ಕೆ 'ರೆ' ಪ್ರತ್ಯಯ ಎಷ್ಟು ಸಲ ಬೇಕಾದರೂ ಹತ್ತುತ್ತೆ.

ವೇದಿಕೆಯ ಮೆಟ್ಟಿಲ ಹತ್ತಿರ ಬಾಯಿ ಒಣಗಿತು, ಅಂಗೈ ತಣ್ಣಗಾಯಿತು. ಇದು ನಮ್ಮ ಮೂಲ ಪದ, ನರ್ವಸ್. ತಮಾಷೆ ಅಂದ್ರೆ, ಇಂಗ್ಲಿಷಿನಲ್ಲಿ ಈ ಪದಕ್ಕೆ ಹಿಂದೆ ಗಟ್ಟಿ ನರದವನು, ಕಸುವುಳ್ಳವನು ಅನ್ನೋ ಅರ್ಥವಿತ್ತು. ಅದಿರಲಿ, ಈ ಹೊತ್ತಿನಲ್ಲಿ ಅಡ್ರಿನಲಿನ್ ಏರುತ್ತೆ. ದೇಹ ಓಡಲು ಇಲ್ಲವೇ ಹೊಡೆದಾಡಲು ಸಿದ್ಧವಾಗಿ, ಜೊಲ್ಲು, ಜೀರ್ಣದ ಕೆಲಸವನ್ನೆಲ್ಲ ಪಕ್ಕಕ್ಕಿಡುತ್ತೆ. ಬಾಯಿ ಒಣಗೋದು, ಹೊಟ್ಟೆ ಕಲಕೋದು ಅದಕ್ಕೇ. ಪಾಪ, ಎದುರಿಗಿರೋದು ಬಿ.ಕಾಂ. ಎರಡನೇ ವರ್ಷದವರು ಅಂತ ದೇಹಕ್ಕೆ ಗೊತ್ತಾಗಲ್ಲ.

ಇನ್ನು ಹಾಳೆ ಪಟಪಟ ಅಂದಿದ್ದು ಜಿಟರಿ. ಮನಸ್ಸಿನ ಚಡಪಡಿಕೆ ಎದುರಿನವರ ಕಣ್ಣಿಗೆ ಬೀಳೋ ಹಂತ ಇದು. ಯಾರ ಕೈಯೂ ಪೂರ್ತಿ ಸ್ಥಿರವಾಗಿರಲ್ಲ. ಸಣ್ಣ ಕಂಪನ ಸದಾ ಇರುತ್ತೆ, ಅಡ್ರಿನಲಿನ್ ಅದನ್ನು ಹೆಚ್ಚಿಸುತ್ತೆ ಅಷ್ಟೇ. ತೆಳ್ಳಗಿನ ಉದ್ದ ಹಾಳೆ ಅದನ್ನು ಬಾವುಟದ ಥರ ಕೊನೆಯ ಬೆಂಚಿಗೂ ತೋರಿಸಿಬಿಡುತ್ತೆ. ಅದೇ ಮಾತನ್ನು ಅಂಗೈಯಗಲದ ದಪ್ಪ ರಟ್ಟಿನ ಮೇಲೆ ಬರೆದುಕೊಳ್ಳಿ, ಕೈ ನಡುಗಿದರೂ ರಟ್ಟು ಚಾಡಿ ಹೇಳಲ್ಲ. ಮದುವೆ ಇನ್ವಿಟೇಷನ್ನಿನ ಹಿಂಭಾಗ ಇದಕ್ಕೆ ಹೇಳಿ ಮಾಡಿಸಿದ್ದು. ಇಲ್ಲದಿದ್ದರೆ ಹಾಳೆಯನ್ನು ಸುಮ್ನೆ ಪೋಡಿಯಂ ಮೇಲೆ ಇಟ್ಟುಬಿಡಿ.

"ಆಗ ಶಾಂತವಾಗಿರು ಅಂತ ನಮಗೆ ನಾವೇ ಹೇಳಿಕೊಳ್ಳಬೇಕಾ ಸರ್?" ಮುಂದಿನ ಸಾಲಿನ ಹುಡುಗಿ ಕೇಳಿದಳು. ಬೇಡ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದ್ದರು. ಹಾಡಲು, ಭಾಷಣ ಮಾಡಲು ಹೊರಟವರಲ್ಲಿ ಕೆಲವರಿಗೆ 'ನಾನು ಎಕ್ಸೈಟೆಡ್' ಅಂತ ಹೇಳಿಕೊಳ್ಳಲು ತಿಳಿಸಿದ್ದರು. ಅವರು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಗಾಬರಿಯಲ್ಲೂ ಹುರುಪಿನಲ್ಲೂ ಎದೆ ಬಡಿದುಕೊಳ್ಳುತ್ತೆ. ಓಡುತ್ತಿರೋ ಎದೆಯನ್ನು ನಿಲ್ಲಿಸೋದು ಕಷ್ಟ, ಅದಕ್ಕೆ ಬೇರೆ ಹೆಸರಿಡೋದು ಸುಲಭ. ಲೆಕ್ಚರರ್ ತಕ್ಷಣ ಎದ್ದು "ನನಗೆ ಭಾರಿ ಹುರುಪು" ಅಂದರು. ಆಗ ಅವರ ಮುಖ ನೋಡಿದ್ದರೆ ನೀವು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಿರಿ. ಒಂದೇ ಸಲಕ್ಕೆ ಆಗೋದಲ್ಲ ಬಿಡಿ.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. "ಸರ್, ಪುಕಪುಕಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?" ನನ್ನ ಪಟ್ಟಿಯಲ್ಲಿ ಅದಿರಲಿಲ್ಲ. ಆ ಇಂಗ್ಲಿಷ್ ಪದಗಳೆಲ್ಲ ಮನುಷ್ಯನ ಬಗ್ಗೆ ಹೇಳುತ್ತವೆ. ನಮ್ಮವು ನೇರವಾಗಿ ಅಂಗಾಂಗಕ್ಕೇ ಕೈ ಹಾಕುತ್ತವೆ. ಎದೆ ಆದರೆ ಪುಕಪುಕ, ಜೋರಾದರೆ ಢವಢವ, ಕಾಲು ಆದರೆ ಗಡಗಡ. ಯಾವ ಭಾಗ ಕೈಕೊಟ್ಟಿದೆ ಅಂತ ಡಾಕ್ಟರಿಗೆ ಬೇರೆ ವಿವರಿಸೋದೇ ಬೇಡ.

ಅದೇ ಹುಡುಗ ಕೂತುಕೊಳ್ಳಲಿಲ್ಲ. "ಇನ್ನೊಂದು ಡೌಟು ಸರ್. ಟೇಬಲ್ ಮೇಲಿದ್ದ ಎಲ್ಲಾ ಬಾಟಲಿ ನೀರೂ ನೀವೇ ಖಾಲಿ ಮಾಡಿದ್ರಿ. ಪ್ರಿನ್ಸಿಪಾಲರದ್ದೂ ಸೇರಿ. ಅದು ಈ ನಾಲ್ಕರಲ್ಲಿ ಯಾವುದಕ್ಕೆ ಬರುತ್ತೆ?"

ಸೆಕೆ ಅಂದೆ.